ಟಿಪ್ಪುವಿನ ಆನೆ ದುಡ್ಡು: ಫೋಟೋ ನೋಡಿ ಇಸವಿ ಮತ್ತು ಟಂಕಸಾಲೆ ಗುರುತಿಸುವ ಕ್ರಮ

ಅಜ್ಜಿಯ ಪೆಟ್ಟಿಗೆಯಲ್ಲೋ ಹಳೇ ಮನೆ ಕೆಡವುವಾಗಲೋ ಸಿಕ್ಕ ತಾಮ್ರದ ನಾಣ್ಯ, ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಅರ್ಥವಾಗದ ಬರಹ. ಅದರ ಫೋಟೋ ಕಳಿಸಿ "ಇದು ಯಾವ ಕಾಲದ್ದು?" ಎಂದು ಕೇಳುವವರು ಬಹಳ. ಉತ್ತರ ಹೇಳುವವರೂ ಬಹಳ, ಆದರೆ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಇಸವಿಯ ಅಂಕಿ ಕಂಡ ಕೂಡಲೇ ಅದನ್ನೇ ಮೊದಲು ಓದಲು ಹೋಗುತ್ತಾರೆ. ಆನೆ ದುಡ್ಡಿನ ಮಟ್ಟಿಗೆ ಅಂಕಿ ಕೊನೆಯ ಹೆಜ್ಜೆಗಳಲ್ಲೊಂದು. ಅದಕ್ಕೆ ಮೊದಲು ಫೋಟೋ ಸರಿ ಇದೆಯೇ, ನಾಣ್ಯ ಯಾರದು, ಯಾವ ಪಂಚಾಂಗ ಎನ್ನುವುದು ಇತ್ಯರ್ಥವಾಗಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಬೇಕಾಗುವ ಸಾಮಗ್ರಿ

ಮೊಬೈಲ್ ಫೋನು, ಒಂದು ಟಾರ್ಚ್ ಅಥವಾ ಕಿಟಕಿಯ ಬೆಳಕು, ಬಿಳಿ ಹಾಳೆ, ಈಗ ಚಲಾವಣೆಯಲ್ಲಿರುವ 10 ರೂಪಾಯಿ ನಾಣ್ಯ, ಚಿನ್ನದಂಗಡಿಯವರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ. ನಾಣ್ಯ ನಿಮ್ಮ ಕೈಯಲ್ಲಿಲ್ಲದೆ ಫೋಟೋ ಮಾತ್ರ ಬಂದಿದ್ದರೆ, ಇಷ್ಟನ್ನು ಇಟ್ಟುಕೊಂಡು ಮತ್ತೆ ತೆಗೆದು ಕಳಿಸಿ ಎಂದು ನಾಣ್ಯ ಇರುವವರಿಗೇ ಹೇಳಿ. ಒಂದೇ ಫೋಟೋ ಹಿಡಿದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇನ್ನೊಂದು ಫೋಟೋ ಕೇಳುವುದು ಯಾವಾಗಲೂ ಲೇಸು.

ಬೇಡವಾದದ್ದೂ ಒಂದಿದೆ: ಹುಣಸೆಹಣ್ಣು. ಫೋಟೋ ಚೆನ್ನಾಗಿ ಬರಲೆಂದು ಹುಣಸೆ, ನಿಂಬೆ, ಬೂದಿ ಹಾಕಿ ಉಜ್ಜಿದರೆ ತಾಮ್ರ ಥಳಥಳ ಎನ್ನುತ್ತದೆ, ನಿಜ. ಆದರೆ ನಮಗೆ ಬೇಕಾದ ಸಣ್ಣ ಚುಕ್ಕೆಗಳು ಸವೆಯುತ್ತವೆ. ಇನ್ನೂರು ವರ್ಷ ಕೂತ ಮೇಲ್ಪದರ ಹೋದರೆ ಮತ್ತೆ ಬರುವುದಿಲ್ಲ, ಸಂಗ್ರಾಹಕರ ಕಣ್ಣಲ್ಲಿ ಬೆಲೆಯೂ ಇಳಿಯುತ್ತದೆ. ಮಣ್ಣು ಅಂಟಿದ್ದರೆ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಅಷ್ಟೇ ಸಾಕು.

## ಹಂತ 1: ಓದಲು ಬರುವ ಫೋಟೋ ತೆಗೆಯುವುದು

ನಾಣ್ಯವನ್ನು ಬಿಳಿ ಹಾಳೆಯ ಮೇಲಿಟ್ಟು ಪಕ್ಕದಲ್ಲೇ 10 ರೂಪಾಯಿ ನಾಣ್ಯ ಇಡಿ. ಇದರಿಂದ ಎರಡು ಕೆಲಸ ಆಗುತ್ತದೆ. ಅದರ ಅಡ್ಡಳತೆ 27 ಮಿಲಿಮೀಟರ್ ಎಂದು ಗೊತ್ತಿರುವುದರಿಂದ ಹಳೆಯ ನಾಣ್ಯದ ಗಾತ್ರ ಅಂದಾಜು ಸಿಗುತ್ತದೆ. ಎರಡನೆಯದು ಇನ್ನೂ ಮುಖ್ಯ: ಹೊಸ ನಾಣ್ಯದ ಮೇಲಿನ ಬರಹ ಉಲ್ಟಾ ಕಂಡರೆ ಇಡೀ ಫೋಟೋ ಕನ್ನಡಿಬಿಂಬವಾಗಿದೆ ಎಂದು ಆಗಲೇ ಗೊತ್ತಾಗುತ್ತದೆ. ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದಾಗ, ಕೆಲವು ಆ್ಯಪ್‌ಗಳಲ್ಲಿ ತಿದ್ದುವಾಗ, ಚಿತ್ರ ಸದ್ದಿಲ್ಲದೆ ಎಡಬಲ ಅದಲುಬದಲಾಗುತ್ತದೆ. ಆನೆ ಮಾತ್ರ ಕಾಣುವ ಫೋಟೋದಲ್ಲಿ ಇದು ತಿಳಿಯುವುದೇ ಇಲ್ಲ. ಏಕೆಂದರೆ ಅಸಲಿ ನಾಣ್ಯಗಳಲ್ಲೇ ಆನೆ ಎಡಕ್ಕೂ ನಡೆಯುತ್ತದೆ, ಬಲಕ್ಕೂ ನಡೆಯುತ್ತದೆ.

ಫ್ಲ್ಯಾಶ್ ಆರಿಸಿ. ಬೆಳಕು ಮೇಲಿನಿಂದ ಬೀಳದೆ ಪಕ್ಕದಿಂದ, ಹಾಳೆಯ ಮಟ್ಟಕ್ಕೆ ಸಮೀಪವಾಗಿ ಬೀಳಬೇಕು. ಟಾರ್ಚನ್ನು ಎಡಗಡೆ ಇಟ್ಟು ಒಂದು, ಬಲಗಡೆ ಇಟ್ಟು ಒಂದು, ಹೀಗೆ ಪ್ರತಿ ಮುಖಕ್ಕೂ ಎರಡೆರಡು ಫೋಟೋ ತೆಗೆಯಿರಿ. ನಾಣ್ಯದ ಅಂಚಿಗೂ ಒಂದು.

ಎರಡು ಕಡೆಯ ಬೆಳಕು ಏಕೆಂದರೆ, ಅರಬ್ಬಿ ಲಿಪಿಯಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೆ ಅಕ್ಷರವೇ ಬೇರೆಯಾಗುತ್ತದೆ. ತುಕ್ಕು ತಿಂದ ತಾಮ್ರದಲ್ಲೋ ಗುಳಿಗಳು ಚುಕ್ಕೆಗಳ ಹಾಗೇ ಕಾಣುತ್ತವೆ. ಬೆಳಕು ಎಡದಿಂದ ಬಂದಾಗ, ಉಬ್ಬಿದ ಚುಕ್ಕೆಯ ಎಡಮಗ್ಗುಲು ಹೊಳೆಯುತ್ತದೆ, ನೆರಳು ಬಲಕ್ಕೆ ಬೀಳುತ್ತದೆ. ಗುಳಿಯಾದರೆ ಎಡಮಗ್ಗುಲು ಕಪ್ಪು, ಬಲಮಗ್ಗುಲು ಬೆಳಕು. ಬಲಗಡೆಯ ಬೆಳಕಿನ ಫೋಟೋದಲ್ಲಿ ಇದೇ ಲೆಕ್ಕ ತಿರುಗಿಸಿ ನೋಡಿ. ಎರಡೂ ಫೋಟೋದಲ್ಲಿ ಉಬ್ಬೆಂದು ಖಚಿತವಾದದ್ದನ್ನು ಮಾತ್ರ ಚುಕ್ಕೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ.

## ಹಂತ 2: ನೆಟ್ಟಗೆ ನಿಲ್ಲಿಸುವುದು

ಆನೆಯ ಬದಿಗೆ ಕಷ್ಟವಿಲ್ಲ: ಕಾಲುಗಳು ಕೆಳಗೆ ಬರುವಂತೆ ಚಿತ್ರ ತಿರುಗಿಸಿ. ಬರಹದ ಬದಿಯಲ್ಲಿ ಜನ ತಪ್ಪುತ್ತಾರೆ. ಇಂದಿನ ನಾಣ್ಯಗಳಲ್ಲಿ ಎರಡು ಮುಖಗಳ ನೆಟ್ಟಗಿನ ದಿಕ್ಕಿಗೆ ಗೊತ್ತಾದ ಹೊಂದಾಣಿಕೆ ಇರುತ್ತದೆ. ಅಂದು ಕೈಯಲ್ಲಿ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಹಾಗಾಗಿ ಆನೆ ನೆಟ್ಟಗಿದ್ದ ಮಾತ್ರಕ್ಕೆ ಹಿಂದಿನ ಬರಹವೂ ನೆಟ್ಟಗಿರಬೇಕೆಂದಿಲ್ಲ.

ಬರಹದ ಬದಿಯಲ್ಲಿ ಹುಡುಕಬೇಕಾದ ಪದ 'ಜರ್ಬ್', ಅಂದರೆ ಇಂಥಲ್ಲಿ ಅಚ್ಚಾಯಿತು ಎಂದು. ಇದರ ಕೊನೆಯ ಅಕ್ಷರ 'ಬೇ'ಯನ್ನು ಸಾಮಾನ್ಯವಾಗಿ ಉದ್ದಕ್ಕೆ ಎಳೆದು ಬರೆದಿರುತ್ತಾರೆ. ನಾಣ್ಯದ ಅಡ್ಡಕ್ಕೆ ಹೋದ ಉದ್ದ ಗೆರೆ, ಅದರ ಕೆಳಗೆ ಒಂದು ಚುಕ್ಕೆ. ಆ ಗೆರೆ ಅಡ್ಡಡ್ಡ ನಿಂತು ಚುಕ್ಕೆ ಕೆಳಗೆ ಬಂದರೆ ಬರಹ ನೆಟ್ಟಗಾಯಿತು ಎಂದು ಹಿಡಿಯಬಹುದು.

ಅಂಚಿನ ಚುಕ್ಕೆಸಾಲನ್ನೂ ಗಮನಿಸಿ. ಅಚ್ಚು ಎಷ್ಟೋ ಸಲ ತಾಮ್ರದ ಬಿಲ್ಲೆಗಿಂತ ದೊಡ್ಡದಿರುತ್ತಿತ್ತು, ಏಟೂ ನಡುವಿಗೇ ಬೀಳುತ್ತಿರಲಿಲ್ಲ. ಚುಕ್ಕೆಸಾಲು ಒಂದು ಕಡೆ ಕಂಡು ಎದುರು ಕಡೆ ಕಾಣದಿದ್ದರೆ, ಕಾಣದ ಕಡೆಯ ಅಕ್ಷರವೋ ಅಂಕಿಯೋ ಬಿಲ್ಲೆಯ ಆಚೆಗೆ ಹೋಗಿದೆ ಎಂದರ್ಥ. ಮೂರೇ ಅಂಕಿ ಕಂಡರೆ "ಮೂರಂಕಿಯ ಇಸವಿ" ಎಂದು ಹೊರಡುವವರು ಇಲ್ಲಿ ನಿಂತು ಅಂಚನ್ನು ನೋಡಬೇಕು.

## ಹಂತ 3: ಯಾರ ಆನೆ?

ಆನೆ ಕಂಡ ಕೂಡಲೇ ಟಿಪ್ಪು ಎನ್ನುವುದು ಎರಡನೇ ದೊಡ್ಡ ತಪ್ಪು. ಮೈಸೂರು ಸೀಮೆಯ ತಾಮ್ರದಲ್ಲಿ ಆನೆ ಟಿಪ್ಪುವಿಗಿಂತ ಮುಂಚೆಯೂ ಇತ್ತು, ಆಮೇಲೂ ಉಳಿಯಿತು.

ಮೊದಲು ಕನ್ನಡ ಅಕ್ಷರ ಹುಡುಕಿ. ಆನೆಯ ಮೇಲೆ ಸೂರ್ಯ ಚಂದ್ರರ ಗುರುತು, 'ಶ್ರೀ' ಎಂಬ ಅಕ್ಷರ, ಅಥವಾ ಬರಹದಲ್ಲಿ ಚಾಮುಂಡಿ, ಕೃಷ್ಣ ಎಂಬ ಹೆಸರು ಕಂಡರೆ ಅದು 1799ರ ನಂತರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಇವುಗಳ ಹಿಂಬದಿಯಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹ, ಜೊತೆಗೆ ಇಂಗ್ಲಿಷಿನಲ್ಲಿ ಕಾಸಿನ ಲೆಕ್ಕ ಕಾಣಿಸುವುದುಂಟು. ಇಂಗ್ಲಿಷ್ ಅಕ್ಷರ ಒಂದೇ ಒಂದು ಕಂಡರೂ ಟಿಪ್ಪುವಿನ ಮಾತು ಬಿಟ್ಟುಬಿಡಿ.

ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ, ಪಾರಸಿ ಬರಹ ಮಾತ್ರ ಇದೆ ಎಂದರೆ ಹೈದರ್ ಅಥವಾ ಟಿಪ್ಪು. ಹೈದರನ ಆನೆ ನಾಣ್ಯಗಳು ಅವನ ಆಳ್ವಿಕೆಯ ಕೊನೆಯಲ್ಲಿ ಬಂದವು, ಹಿಜರಿ 1195 ಮತ್ತು 1196ರವು. ಹೈದರ್ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಹಿಜರಿ 1197 ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೀಗಾಗಿ ಗಡಿ ಬಹಳ ಸಲೀಸು: 1196ರ ತನಕ ಅಪ್ಪನದು, 1197ರಿಂದ ಮಗನದು.

ಚಿನ್ನದ ವರಹದಲ್ಲಿ ಈ ಸಲೀಸುತನವಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ವರಹದ ಮೇಲಿನ 'ಹೇ' ಅಕ್ಷರ ಹೈದರನ ಹೆಸರಿನ ಮೊದಲಕ್ಷರ. ಅದನ್ನು ನೋಡಿ ಇದು ಹೈದರನದೇ ಎಂದು ತೀರ್ಮಾನಿಸುವಂತಿಲ್ಲ, ಟಿಪ್ಪು ತನ್ನ ವರಹಗಳಲ್ಲೂ ಅದೇ ಅಕ್ಷರ ಉಳಿಸಿಕೊಂಡ.

## ಹಂತ 4: ಅಂಕಿಗಳ ಆಕಾರ

ಇಲ್ಲಿರುವುದು ಪಾರಸಿ ಅಂಕಿಗಳು. ಒಂದು ಎಂದರೆ ನೆಟ್ಟಗಿನ ಗೀಟು. ಎರಡು ಎಂದರೆ ಆ ಗೀಟಿನ ತಲೆಯಿಂದ ಬಲಕ್ಕೆ ಒಂದು ಕೊಕ್ಕೆ. ಮೂರಕ್ಕೆ ಎರಡು ಕೊಕ್ಕೆ. ಐದು ಸಣ್ಣ ಸುತ್ತು. ಆರು ನಾವು ಬರೆಯುವ ಇಂಗ್ಲಿಷ್ 7ರ ಹಾಗೆ, ತಲೆ ಎಡಕ್ಕೆ. ಏಳು ಇಂಗ್ಲಿಷಿನ 'ವಿ' ಅಕ್ಷರ, ಎಂಟು ಅದೇ ತಲೆಕೆಳಗು. ಒಂಬತ್ತು ಇಂಗ್ಲಿಷ್ 9ರಂತೆಯೇ. ಸೊನ್ನೆ ಬರೀ ಚುಕ್ಕೆ. ನಾಲ್ಕನ್ನು ಬೇರೆ ಬೇರೆ ರೂಪದಲ್ಲಿ ಬರೆಯುವುದರಿಂದ ಅದನ್ನು ಆಕಾರ ನೋಡಿ ಒಪ್ಪಿಕೊಳ್ಳುವುದಕ್ಕಿಂತ ಬೇರೆ ಗುರುತಿನಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಈ ಆಕಾರಗಳನ್ನು ನೋಡಿದರೆ ಮೊದಲೆರಡು ಹಂತಗಳ ಬಗ್ಗೆ ಅಷ್ಟು ಒತ್ತಿ ಹೇಳಿದ್ದೇಕೆಂದು ತಿಳಿಯುತ್ತದೆ. ಚಿತ್ರ ತಲೆಕೆಳಗಾದರೆ 7 ಹೋಗಿ 8 ಆಗುತ್ತದೆ. ಚಿತ್ರ ಕನ್ನಡಿಬಿಂಬವಾದರೆ 2 ಹೋಗಿ 6 ಆಗುತ್ತದೆ. ಟಿಪ್ಪುವಿನ ನಾಣ್ಯಗಳಲ್ಲಿ 2 ತುಂಬ ಬರುವ ಅಂಕಿ. ಅದರಿಂದಲೇ, ಒಂದೇ ಇಸವಿಯಲ್ಲಿ ಎರಡು ಮೂರು 6 ಕಂಡರೆ ಇಸವಿಯನ್ನು ನಂಬುವ ಮೊದಲು ಫೋಟೋವನ್ನೇ ಅನುಮಾನಿಸಿ.

## ಹಂತ 5: ಯಾವ ಪಂಚಾಂಗ, ಯಾವ ದಿಕ್ಕು

ಟಿಪ್ಪುವಿನ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ವರ್ಷವಿದೆ, ಅಂಕಿಗಳು ಮಾಮೂಲಿನಂತೆ ಎಡದಿಂದ ಬಲಕ್ಕೆ. 1197 ಎಂದರೆ 1782-83, 1198 ಎಂದರೆ 1783-84, 1199 ಎಂದರೆ 1784-85, 1200 ಎಂದರೆ 1785-86.

ಆಮೇಲೆ ಅವನು ಮೌಲೂದಿ ಎಂಬ ಹೊಸ ಲೆಕ್ಕ ತಂದ. ನಾಣ್ಯಗಳಲ್ಲಿ ಇದು 1215ರಿಂದ ಕಾಣುತ್ತದೆ, 1227ಕ್ಕೆ ಮುಗಿಯುತ್ತದೆ. ಎರಡು ಸಂಗತಿ ಒಟ್ಟಿಗೇ ಬದಲಾದವು. ಒಂದು, ವರ್ಷ ಹಿಜರಿಯದಲ್ಲ. ಇನ್ನೊಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯತೊಡಗಿದರು. ಅರಬ್ಬಿ ಲಿಪಿ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಲ್ಲರೂ ಎಡದಿಂದಲೇ ಬರೆಯುತ್ತಾರೆ, ಹೀಗಾಗಿ ಉರ್ದು ಚೆನ್ನಾಗಿ ಬಲ್ಲವರೂ ಇಲ್ಲಿ ತಪ್ಪು ಓದುತ್ತಾರೆ. 1215 ನಾಣ್ಯದ ಮೇಲೆ 5121 ಎಂದು ಕಾಣುತ್ತದೆ, 1226 ಎನ್ನುವುದು 6221 ಎಂದು.

ಲೆಕ್ಕ ಸುಲಭ. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಆ ವರ್ಷ ಶುರುವಾದ ಕ್ರಿಸ್ತಶಕ ಸಿಗುತ್ತದೆ:

```
1215 + 572 = 1787
1227 + 572 = 1799
```

ಟಿಪ್ಪುವಿನ ವರ್ಷ ನಮ್ಮ ಯುಗಾದಿಯ ಆಸುಪಾಸಿಗೇ ಬದಲಾಗುತ್ತಿತ್ತು. ಆದ್ದರಿಂದ 1215 ಎಂದರೆ 1787ರ ವಸಂತದಿಂದ 1788ರ ವಸಂತದವರೆಗೆ, ನಮ್ಮ ಪಂಚಾಂಗದಲ್ಲಿ ಪ್ಲವಂಗ ಸಂವತ್ಸರ. ಅರವತ್ತು ಸಂವತ್ಸರದ ಚಕ್ರವನ್ನು ಅವನು ಬಿಟ್ಟಿರಲಿಲ್ಲ, ಹೆಸರುಗಳನ್ನು ಮಾತ್ರ ಬದಲಿಸಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದುದರಿಂದ 1227ರ ನಾಣ್ಯ ಅಚ್ಚಾಗಲು ಇದ್ದ ಅವಧಿ ಕೆಲವೇ ವಾರಗಳು. ನಿಮ್ಮ ಓದಿನಲ್ಲಿ 1227 ಬಂದರೆ ಮತ್ತೊಮ್ಮೆ ನೋಡಿ, ಅದು ಅಪರೂಪ.

ಬಲೆಯಂಥದ್ದು 1221. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು 1221ಯೇ. ಅದನ್ನು ಹಿಜರಿ ಎಂದು ಹಿಡಿದರೆ 1806-07 ಬರುತ್ತದೆ, ಅಷ್ಟರಲ್ಲಿ ಟಿಪ್ಪು ಸತ್ತು ಏಳು ವರ್ಷ. "ಟಿಪ್ಪು ಸತ್ತ ಮೇಲೂ ಅವನ ಹೆಸರಲ್ಲಿ ನಾಣ್ಯ ಹೊಡೆದಿದ್ದಾರೆ" ಎಂಬ ಕಥೆ ಹುಟ್ಟುವುದು ಹೀಗೆ. ಮೌಲೂದಿ ಲೆಕ್ಕದಲ್ಲಿ ಅದು 1793-94.

## ಹಂತ 6: ಆನೆಯ ಮೇಲಿನ ಒಂಟಿ ಅಕ್ಷರ

ಅಂಕಿ ಸವೆದುಹೋದ ನಾಣ್ಯಗಳಿಗೆ ಇದೇ ದಾರಿ. 1221ರಿಂದ ತಾಮ್ರದ ನಾಣ್ಯಗಳಲ್ಲಿ ಆನೆಯ ಮೇಲ್ಗಡೆ ಒಂದು ಅರಬ್ಬಿ ಅಕ್ಷರ ಬರುತ್ತದೆ, ಪ್ರತಿ ವರ್ಷಕ್ಕೂ ವರ್ಣಮಾಲೆಯ ಮುಂದಿನ ಅಕ್ಷರ. 1221ಕ್ಕೆ ಅಲಿಫ್, 1222ಕ್ಕೆ ಬೇ, 1223ಕ್ಕೆ ತೇ, 1224ಕ್ಕೆ ಸೇ.

ಗುರುತಿಸಲು ಅರಬ್ಬಿ ಬರಬೇಕಾಗಿಲ್ಲ. ಅಲಿಫ್ ಎಂದರೆ ನೆಟ್ಟಗಿನ ಗೀಟು. ಉಳಿದ ಮೂರಕ್ಕೂ ಒಂದೇ ಆಕಾರ, ತಳ ತುಸು ಬಾಗಿ ಎರಡೂ ತುದಿ ಮೇಲಕ್ಕೆದ್ದ ದೋಣಿ. ದೋಣಿಯ ಕೆಳಗೆ ಒಂದು ಚುಕ್ಕೆ ಇದ್ದರೆ ಬೇ. ಮೇಲೆ ಎರಡಿದ್ದರೆ ತೇ. ಮೇಲೆ ಮೂರಿದ್ದರೆ ಸೇ. ಹಂತ 1ರಲ್ಲಿ ಉಬ್ಬು, ಗುಳಿ ಬೇರ್ಪಡಿಸಿದ್ದರ ಫಲ ಇಲ್ಲಿ ಸಿಗುತ್ತದೆ. ಒಂದು ಗುಳಿಯನ್ನು ಚುಕ್ಕೆ ಎಂದು ಎಣಿಸಿದರೆ ಒಂದು ವರ್ಷ ಆಚೆ ಹೋಗುತ್ತೀರಿ.

ಈ ಅಕ್ಷರಗಳಿಗೆ ಇನ್ನೊಂದು ಅನುಕೂಲವಿದೆ. ಎಡಬಲ ಅದಲುಬದಲಾದರೂ ಇವುಗಳ ಆಕಾರ ಹೆಚ್ಚೇನೂ ಬದಲಾಗುವುದಿಲ್ಲ. ಅಂಕಿ ಮೋಸ ಮಾಡಿದಾಗ ಅಕ್ಷರ ಕೈಹಿಡಿಯುತ್ತದೆ.

## ಹಂತ 7: ಟಂಕಸಾಲೆ ಮತ್ತು ಅಡ್ಡಪರೀಕ್ಷೆ

'ಜರ್ಬ್' ಜೊತೆಗಿರುವುದು ಊರಿನ ಹೆಸರು. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ಸಿಗುವ ನಾಣ್ಯಗಳಲ್ಲಿ ಇದರ ಪಾಲು ದೊಡ್ಡದು. ನಗರ್ ಎಂದರೆ ಬಿದನೂರು, ಈಗಿನ ಹೊಸನಗರ ತಾಲ್ಲೂಕಿನ ನಗರ. ಟಿಪ್ಪು ಹಲವು ಊರುಗಳಿಗೆ ಹೊಸ ಹೆಸರಿಟ್ಟಿದ್ದರಿಂದ ನಾಣ್ಯದಲ್ಲಿ ಹಳೆಯ ಹೆಸರು ಹುಡುಕಿದರೆ ಸಿಗದು. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್, ಧಾರವಾಡ ಖುರ್ಷೀದ್ ಸವಾದ್, ಮೈಸೂರು ನಜರ್‌ಬಾರ್. ಕಲ್ಲಿಕೋಟೆಯ ಹತ್ತಿರದ ಫೆರೋಕ್ ನಾಣ್ಯಗಳಲ್ಲಿ ಫರ್ರುಖಿ ಎಂದಿರುತ್ತದೆ.

ಟಂಕಸಾಲೆ ಬರೀ ಊರನ್ನು ಹೇಳುವುದಿಲ್ಲ, ಕಾಲಕ್ಕೂ ಮಿತಿ ಹಾಕುತ್ತದೆ. 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮಲಬಾರು ಕಂಪನಿಗೆ ಹೋಯಿತು, ಧಾರವಾಡವನ್ನು ಮರಾಠರು ಹಿಂದಿನ ವರ್ಷವೇ ಗೆದ್ದಿದ್ದರು. ಹಾಗಾದರೆ ಫರ್ರುಖಿ ಅಥವಾ ಖುರ್ಷೀದ್ ಸವಾದ್ ಹೆಸರಿನ ನಾಣ್ಯದಲ್ಲಿ 1222 ಎಂಬ ವರ್ಷವಾಗಲಿ, 'ತೇ' ಅಕ್ಷರವಾಗಲಿ ಇರಲು ಸಾಧ್ಯವಿಲ್ಲ. ಹಾಗೆ ಓದಿಕೊಂಡಿದ್ದರೆ ಊರೋ ವರ್ಷವೋ ಎರಡರಲ್ಲೊಂದು ತಪ್ಪಿದೆ.

ತೂಕವೂ ಇಂಥದೇ ಪರೀಕ್ಷೆ. ಮೌಲೂದಿ ಕಾಲದ ತಾಮ್ರಕ್ಕೆ ಟಿಪ್ಪು ಆಕಾಶದ ಹೆಸರುಗಳನ್ನಿಟ್ಟ: ಎರಡು ಪೈಸೆಗೆ ಮುಷ್ತರಿ, ಅಂದರೆ ಗುರು, ಪೈಸೆಗೆ ಜುಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ, ಅದರ ಅರ್ಧಕ್ಕೆ ಕುತುಬ್, ಅಂದರೆ ಧ್ರುವ. ಪೈಸೆ ಸುಮಾರು 11 ಗ್ರಾಂ ತೂಗುತ್ತದೆ, ಮಿಕ್ಕವು ಅದರ ಲೆಕ್ಕಕ್ಕೆ. ಸವೆದದ್ದು ಒಂದಿಷ್ಟು ಕಡಿಮೆ ತೂಗೀತು. ಆದರೆ ಮೇಲೆ ಜುಹ್ರಾ ಎಂದು ಬರೆದು 7 ಗ್ರಾಂ ಮಾತ್ರ ತೂಗುವ, ಅಂಚಿನ ಸುತ್ತ ಕೂಡುಗೆರೆಯಿರುವ, ಅಕ್ಷರಗಳೆಲ್ಲ ಮೆತ್ತಗೆ ಕರಗಿದಂತೆ ಕಾಣುವ, ಮೈತುಂಬ ಸಣ್ಣ ಗುಂಡನೆಯ ಗಾಳಿತೂತುಗಳಿರುವ ನಾಣ್ಯ ಹೊಡೆದದ್ದಲ್ಲ, ಎರಕ ಹೊಯ್ದದ್ದು. ಪ್ರವಾಸಿ ತಾಣಗಳಲ್ಲಿ ಇಂಥವು ಮಾರಾಟಕ್ಕಿರುತ್ತವೆ. ಅಂಚಿನ ಫೋಟೋ ಕೇಳಿದ್ದು ಇದಕ್ಕೇ.

## ಒಂದು ಫೋಟೋ ಓದಿ ನೋಡೋಣ

ಇಂಥದೊಂದು ಫೋಟೋ ಬಂತೆಂದುಕೊಳ್ಳಿ. ಎಡಕ್ಕೆ ನಡೆಯುತ್ತಿರುವ ಆನೆ, ಮೇಲೆ ದೋಣಿಯಾಕಾರ, ಅದರಡಿ ಒಂದು ಚುಕ್ಕೆ. ಅಂಕಿಗಳು ಎಡದಿಂದ ನೋಡಿದರೆ ಒಂದು ಗೀಟು, ಆಮೇಲೆ ತಲೆ ಎಡಕ್ಕಿರುವ ಮೂರು ಒಂದೇ ಥರದ ಆಕಾರ. ಪಾರಸಿ ಅಂಕಿ ಬಲ್ಲವರು ತಕ್ಷಣ 1666 ಎನ್ನುತ್ತಾರೆ. ಕ್ರಿಸ್ತಶಕ ಎಂದು ಹಿಡಿದು ದೊಡ್ಡದೇವರಾಜ ಒಡೆಯರ ಕಾಲಕ್ಕೆ ಕೊಂಡೊಯ್ಯುವವರೂ ಇರುತ್ತಾರೆ.

ಕ್ರಮವಾಗಿ ಹೋಗೋಣ. ಪಕ್ಕದಲ್ಲಿ ಹೊಸ ನಾಣ್ಯ ಇಲ್ಲ, ಫೋಟೋದ ಎಡಬಲ ನಂಬುವಂತಿಲ್ಲ. ಕನ್ನಡ, ಇಂಗ್ಲಿಷ್ ಅಕ್ಷರವಿಲ್ಲ, ಹಾಗಾಗಿ ಹೈದರ್ ಅಥವಾ ಟಿಪ್ಪು. ಇಬ್ಬರ ಪಂಚಾಂಗದಲ್ಲೂ 1666 ಇಲ್ಲ. ಹಿಜರಿ 1666 ಇನ್ನೂ ಬಂದೇ ಇಲ್ಲ. ಮೂರು 6 ಒಟ್ಟಿಗೇ ಕಂಡಿವೆ, ಅಂದರೆ ಕನ್ನಡಿಬಿಂಬದ ಅನುಮಾನ. ಚಿತ್ರವನ್ನು ಎಡಬಲ ತಿರುಗಿಸಿದರೆ ಆನೆ ಬಲಕ್ಕೆ ಮುಖ ಮಾಡುತ್ತದೆ, ಅಂಕಿಗಳು 2221 ಆಗುತ್ತವೆ. ಬಲದಿಂದ ಓದಿದರೆ 1222. ಈಗ ಅಕ್ಷರ ನೋಡಿ: ದೋಣಿಯ ಕೆಳಗೆ ಒಂದು ಚುಕ್ಕೆ, ಬೇ, ಅದೂ 1222ನ್ನೇ ಹೇಳುತ್ತದೆ. 572 ಕೂಡಿಸಿದರೆ 1794, ಅಂದರೆ 1794-95, ಆನಂದ ಸಂವತ್ಸರ. ಬರಹದ ಬದಿಯಲ್ಲಿ ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ. ಒಪ್ಪಂದದ ನಂತರವೂ ಅದು ಟಿಪ್ಪುವಿನ ಕೈಯಲ್ಲೇ ಇದ್ದುದರಿಂದ ಅಲ್ಲೂ ತಕರಾರಿಲ್ಲ. ಇನ್ನು ತೂಕ ಕೇಳಿ ಬರೆದುಕೊಂಡರೆ ಪೈಸೆಯೋ ಎರಡು ಪೈಸೆಯೋ ಗೊತ್ತಾಗುತ್ತದೆ.

ಅಂಕಿಯೂ ಅಕ್ಷರವೂ ಕಾಣದ ನಾಣ್ಯಕ್ಕೆ "ಟಿಪ್ಪು ಕಾಲ, ವರ್ಷ ಓದಲಾಗದು" ಎಂದು ಬರೆದು ಬಿಡಿ. ಆನೆಯ ಸೊಂಡಿಲು, ಬಾಲ ನೋಡಿ ವರ್ಷ ಊಹಿಸಲು ಹೋಗಬೇಡಿ, ಅಚ್ಚು ಕೊರೆದವನ ಕೈ ಬದಲಾದಂತೆ ಅವೂ ಬದಲಾಗುತ್ತವೆ.

ನಾಣ್ಯ ಪೆಟ್ಟಿಗೆಯಲ್ಲಿ ಸಿಕ್ಕದ್ದಲ್ಲ, ನೆಲ ಅಗೆಯುವಾಗ ಹಲವು ಒಟ್ಟಿಗೆ ಸಿಕ್ಕವು ಎಂದಾದರೆ ಓದುವ ಕೆಲಸ ಅಲ್ಲಿಗೇ ನಿಲ್ಲಿಸಿ. ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಸಿಕ್ಕ ಜಾಗ, ಪಾತ್ರೆ, ನಾಣ್ಯಗಳ ಎಣಿಕೆ ಇವನ್ನು ಹಾಗೇ ಉಳಿಸಿ. ಬಿಡಿಬಿಡಿಯಾಗಿ ಹಂಚಿಹೋದ ಮೇಲೆ ಯಾವ ಫೋಟೋದಿಂದಲೂ ಆ ವಿವರ ಮತ್ತೆ ಸಿಗದು.